120 Hz ಟಿವಿ, ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ 60: ಎರಡು ವರ್ಷ ಬಳಸಿದ ಮೇಲೆ

ಎರಡು ವರ್ಷದ ಹಿಂದೆ 55 ಇಂಚಿನ ಟಿವಿ ತಂದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 120 Hz ಅಂತ ಇತ್ತು, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುತ್ತದೆ ಅಂತ. ಮನೆಯಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮೊದಲೇ ಇತ್ತು. ಅವತ್ತು ಸಂಜೆಯೇ ಜೋಡಿಸಿ, Settings > General > TV & display options ತೆರೆದು, Refresh rate ಒತ್ತಿದೆ. 60 Hz ಒಂದೇ ಇತ್ತು. 120 ಎಲ್ಲೂ ಕಾಣಲಿಲ್ಲ. ಟಿವಿ ಸುಳ್ಳು ಹೇಳಿದೆ ಅಂದುಕೊಂಡು ಅಂಗಡಿಗೆ ಫೋನ್ ಮಾಡಿದೆ. "ಕನ್ಸೋಲ್ ಪ್ರಾಬ್ಲಮ್ ಸಾರ್, ನಮ್ಮದಲ್ಲ" ಅಂದರು.

ಯಾರದೂ ಅಲ್ಲ. ಕನ್ಸೋಲ್ ಡಬ್ಬ ಓದುವುದಿಲ್ಲ, ಅಷ್ಟೇ. ಕೇಬಲ್ ಚುಚ್ಚಿದ ಕೂಡಲೇ ಟಿವಿಯ ಆ ಪೋರ್ಟ್ ಇಡಿಐಡಿ ಅನ್ನುವ ಒಂದು ಸಣ್ಣ ಪಟ್ಟಿ ಕಳಿಸುತ್ತದೆ: ನಾನು ಇಷ್ಟು ರೆಸಲ್ಯೂಶನ್, ಇಷ್ಟು ಹರ್ಟ್ಜ್ ತಗೊಳ್ತೀನಿ ಅಂತ. ಅದರಲ್ಲಿ ಇದ್ದದ್ದನ್ನು ಮಾತ್ರ ಕನ್ಸೋಲ್ ನಿಮಗೆ ತೋರಿಸುತ್ತದೆ. ಹೋಟೆಲ್ ಬೋರ್ಡಿನಲ್ಲಿ ಏನೇ ಬರೆದಿರಲಿ, ಸಿಗುವುದು ಮಾಣಿ ಹೇಳಿದ್ದು ಮಾತ್ರ, ಅಲ್ವಾ? ಇಲ್ಲಿ ಒಂದೊಂದು ಪೋರ್ಟಿಗೂ ಒಬ್ಬೊಬ್ಬ ಮಾಣಿ. ಅದೇ ಮೆನುವಿನಲ್ಲಿ 4K TV details ಅಂತ ಒಂದು ಪುಟವಿದೆ. ಮಾಣಿ ಏನು ಹೇಳಿದ ಅನ್ನುವುದು ಅಲ್ಲಿ ಟಿಕ್ಕು, ಅಡ್ಡಗೆರೆಗಳಲ್ಲಿ ಕಾಣುತ್ತದೆ. ನನ್ನದರಲ್ಲಿ 4ಕೆ 60ಕ್ಕೆ ಟಿಕ್ ಇತ್ತು, 4ಕೆ 120ಕ್ಕೆ ಇರಲಿಲ್ಲ.

ಮೊದಲ ತಪ್ಪು ನನ್ನದೇ. ಕನ್ಸೋಲ್ ಕೇಬಲನ್ನು ಹಳೇ ಸೌಂಡ್‌ಬಾರ್‌ಗೆ ಹಾಕಿ, ಅಲ್ಲಿಂದ ಟಿವಿಗೆ ಎಳೆದಿದ್ದೆ. ಆ ಸೌಂಡ್‌ಬಾರ್ ದಾಟಿಸುವುದು 4ಕೆ 60ರವರೆಗೆ ಮಾತ್ರ. ಹಾಗಾಗಿ ಕನ್ಸೋಲ್ ಮಾತಾಡಿದ್ದು ಟಿವಿ ಜೊತೆಗಲ್ಲ, ಸೌಂಡ್‌ಬಾರ್ ಜೊತೆಗೆ. ಅದನ್ನು ಮಧ್ಯದಿಂದ ತೆಗೆದು ಟಿವಿಯ HDMI 1ಕ್ಕೆ ನೇರ ಚುಚ್ಚಿದೆ. ಆಗಲೂ 60.

ಟಾರ್ಚ್ ಹಿಡಿದು ಟಿವಿ ಹಿಂದೆ ಬಗ್ಗಿ ನೋಡಿದಾಗ ಎರಡನೇ ವಿಷಯ ಸಿಕ್ಕಿತು. ನಾಲ್ಕು ಪೋರ್ಟುಗಳಲ್ಲಿ 3 ಮತ್ತು 4ರ ಪಕ್ಕ ಮಾತ್ರ ಇರುವೆ ಗಾತ್ರದಲ್ಲಿ 4K 120 ಅಂತ ಬರೆದಿತ್ತು. 1 ಮತ್ತು 2 ಹಳೇ ಎಚ್‌ಡಿಎಂಐ 2.0 ಮಟ್ಟದವು. ಸೆಕೆಂಡಿಗೆ 18 ಗಿಗಾಬಿಟ್ ಅದರ ಮಿತಿ. 4ಕೆ 60 ಒಂದಕ್ಕೇ ಅದು ಬಹುತೇಕ ತುಂಬಿಹೋಗುತ್ತದೆ. ಪೂರ್ತಿ ಬಣ್ಣದ 4ಕೆ 120ಕ್ಕೆ ಸುಮಾರು ಅದರ ಎರಡರಷ್ಟು ಬೇಕು.

ಕೇಬಲನ್ನು 4ಕ್ಕೆ ಹಾಕಿದೆ. ಇನ್ನೂ 60! ಇಲ್ಲಿ ನಿಜಕ್ಕೂ ಸಿಟ್ಟು ಬಂತು. ಟಿವಿಯ ಸೆಟ್ಟಿಂಗ್ಸಿನೊಳಗೆ, ಪ್ರತಿ ಪೋರ್ಟಿಗೂ ಬೇರೆಬೇರೆಯಾಗಿ, ಸಿಗ್ನಲ್ ಯಾವ ಬಗೆಯದು ಅಂತ ಆರಿಸುವ ಜಾಗ ಇದೆ. ಕಂಪನಿ ಅದನ್ನು Standard ಅಂತ ಇಟ್ಟು ಕಳಿಸಿತ್ತು. ಹಳೇ ಸೆಟ್‌ಟಾಪ್ ಬಾಕ್ಸ್‌ಗಳು ಗೊಂದಲ ಮಾಡಿಕೊಳ್ಳದಿರಲಿ ಅಂತ ಹಾಗಿಡುತ್ತಾರೆ. ಆಗ ಪೋರ್ಟ್ ತನ್ನ ಪಟ್ಟಿಯಲ್ಲಿ 120 ಹೇಳುವುದೇ ಇಲ್ಲ. Enhanced ಮಾಡಿದೆ. ಪರದೆ ಮೂರ್ನಾಲ್ಕು ಸೆಕೆಂಡ್ ಕಪ್ಪಾಗಿ ಮತ್ತೆ ಬಂತು. 4ಕೆ 120ರ ಮುಂದೆ ಟಿಕ್, Refresh rate ಒಳಗೆ 120 Hz.

ಕೇಬಲ್ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಾರೆ. ಸೀರೀಸ್ ಎಕ್ಸ್ ಜೊತೆ ಬಂದ ಕೇಬಲ್ ಇದ್ದರೆ ಸುಮ್ನೆ ದುಡ್ಡು ದಂಡ. ಕೇಬಲ್ ಕೈಕೊಟ್ಟರೆ ಸಾಮಾನ್ಯವಾಗಿ ಲಕ್ಷಣ ಬೇರೆ: ಆಯ್ಕೆ ಕಾಣುತ್ತದೆ, ಆರಿಸಿದ ಮೇಲೆ ಚಿತ್ರ ಮಿನುಗುತ್ತದೆ ಅಥವಾ ಮಾಯವಾಗುತ್ತದೆ.

ಕಳೆದ ದೀಪಾವಳಿಗೆ ಭಾವನ ಮನೆಗೆ ಹೋಗಿದ್ದೆ. "ನಂದೂ 120 ಕಣೋ, ನೋಡು ಯಾಕೆ ಬರ್ತಿಲ್ಲ" ಅಂದರು. ಪೋರ್ಟ್ ನೋಡಿದೆ, ಸೆಟ್ಟಿಂಗ್ ನೋಡಿದೆ, ಏನೂ ಆಗಲಿಲ್ಲ. ಕೊನೆಗೆ ಮಾಹಿತಿ ಪುಸ್ತಕ ತೆಗೆದರೆ ಪ್ಯಾನೆಲ್ 60 Hz, ಪಕ್ಕದಲ್ಲಿ MEMC 120. ಅಂದರೆ ಒಳಗೆ ಬರುವುದು 60 ಫ್ರೇಮ್. ಓಡುವ ಚಿತ್ರ ನುಣುಪಾಗಿ ಕಾಣಲಿ ಅಂತ ಟಿವಿ ತಾನೇ ಲೆಕ್ಕ ಹಾಕಿ ಏನೋ ಮಾಡುತ್ತದೆ, ಆ ಕೆಲಸಕ್ಕೆ 120 ಅಂತ ಹೆಸರು. ಹೊರಗಿನಿಂದ 120 ತಗೊಳ್ಳುವ ಬಾಗಿಲೇ ಆ ಟಿವಿಗಿಲ್ಲ. "ಭಾವ, ಇದಕ್ಕೆ ಮದ್ದಿಲ್ಲ" ಅಂದೆ. ಊಟ ಮುಗಿಯುವವರೆಗೆ ಸರಿಯಾಗಿ ಮಾತಾಡಲಿಲ್ಲ.

ಟಿವಿಗೆ ನನ್ನ ಅಂಕ 5ಕ್ಕೆ 4. ಚಿತ್ರ ಇವತ್ತಿಗೂ ಚೆನ್ನಾಗಿದೆ. 120ರ ಮೋಡ್ ಇರುವ ಆಟಗಳಲ್ಲಿ ಗುರಿ ಹಿಡಿಯುವಾಗ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಒಂದು ಅಂಕ ಕಡಿಮೆ ಮಾಡಿದ್ದು ಪೋರ್ಟ್ ಹಂಚಿಕೆಗೆ. ಟಿವಿಯ ಸದ್ದನ್ನು ಸೌಂಡ್‌ಬಾರ್‌ಗೆ ಕಳಿಸುವ ಇಆರ್ಕ್ ಪೋರ್ಟ್ ಕೂಡ 3ನೆಯದೇ, ಅಲ್ಲಿ ಈಗ ಸೌಂಡ್‌ಬಾರ್ ಕೂತಿದೆ. ಇನ್ನೊಂದು ಕನ್ಸೋಲ್ ತಂದರೆ 120ಕ್ಕೆ ಜಾಗವಿಲ್ಲ. ಮೊನ್ನೆ ಟಿವಿ ರಿಸೆಟ್ ಮಾಡಿದಾಗ ಪೋರ್ಟ್ 4 ಮತ್ತೆ Standardಗೆ ಹೋಗಿತ್ತು. "ಅಪ್ಪಾ, 120 ಹೋಯ್ತು" ಅಂತ ಮಗನೇ ಮೊದಲು ಕೂಗಿದ್ದು.