ಸರ್ವೇ ಮಾಡಿ ವೋಚರ್ ಪಡೆಯುವ ಸೈಟುಗಳು: ದೀರ್ಘ ಬಳಕೆಯ ವಿಮರ್ಶೆ, ನಿಮಿಷದ ಲೆಕ್ಕದ ಸಮೇತ

"100 ಪಾಯಿಂಟ್, 15 ನಿಮಿಷ." ಸರ್ವೇ ಸೈಟಿಗೆ ಲಾಗಿನ್ ಆದ ಕೂಡಲೇ ಕಾಣುವ ಪಟ್ಟಿಯಲ್ಲಿ ಪ್ರತಿ ಸರ್ವೇಯ ಪಕ್ಕದಲ್ಲೂ ಇಂಥ ಎರಡು ಸಂಖ್ಯೆ ಇರುತ್ತವೆ. ಹೊಸಬರು ಇವೆರಡನ್ನೇ ನೋಡಿ ಸೈಟು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುತ್ತಾರೆ. ಪ್ರಾಮಾಣಿಕವಾಗಿ ನಡೆಯುವ ಸೈಟುಗಳಲ್ಲೂ ಈ ಸಂಖ್ಯೆಗಳು ದಾರಿ ತಪ್ಪಿಸುತ್ತವೆ, ಯಾಕೆಂದರೆ ಅವು ಪೂರ್ತಿ ಮುಗಿದ ಸರ್ವೇಗೆ ಮಾತ್ರ ಅನ್ವಯ. ಅರ್ಧಕ್ಕೆ ಹೊರಗೆ ಕಳಿಸಿದ ಸರ್ವೇಗಳಲ್ಲಿ ಹೋದ ಸಮಯ ಆ ಲೆಕ್ಕದಲ್ಲಿ ಇರುವುದೇ ಇಲ್ಲ. ಈ ವಿಮರ್ಶೆ ಮುಖ್ಯವಾಗಿ ಆ ಕಾಣದ ಸಮಯದ ಬಗ್ಗೆ.

ಹೊರಗೆ ಕಳಿಸುವುದಕ್ಕೆ ಈ ವಲಯದಲ್ಲಿ ಸ್ಕ್ರೀನ್‌ಔಟ್ ಎನ್ನುತ್ತಾರೆ. ಇದು ಯಾಕೆ ಆಗುತ್ತದೆ ಎಂದು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ, ಉಳಿದರ್ಧಕ್ಕೆ ಸರಿಯಾದ ಗುರಿ ಸಿಗುತ್ತದೆ. ಸರ್ವೇ ಮಾಡಿಸುವ ಕಂಪನಿಗೆ ಬೇಕಿರುವುದು ಎಲ್ಲರ ಅಭಿಪ್ರಾಯವಲ್ಲ. ಕಳೆದ ಆರು ತಿಂಗಳಲ್ಲಿ ವಾಷಿಂಗ್ ಮೆಷಿನ್ ಕೊಂಡವರು ಬೇಕು, ಅವರಲ್ಲೂ 25ರಿಂದ 34 ವಯಸ್ಸಿನ ಇಷ್ಟು ಹೆಂಗಸರು, ಇಷ್ಟು ಗಂಡಸರು ಎಂದು ಮೊದಲೇ ಕೋಟಾ ಗೊತ್ತುಮಾಡಿರುತ್ತಾರೆ. ಮೊದಲ ಕೆಲವು ಪ್ರಶ್ನೆಗಳು ಬರೀ ಜರಡಿ. ನೀವು ಆ ಗುಂಪಿನವರಲ್ಲದಿದ್ದರೆ ಹೊರಗೆ, ಆ ಗುಂಪಿನವರಾದರೂ ನಿಮಗಿಂತ ಮೊದಲು ಬಂದವರಿಂದ ಕೋಟಾ ತುಂಬಿದ್ದರೆ ಆಗಲೂ ಹೊರಗೆ. ಕಂಪನಿ ಹಣ ಕೊಡುವುದು ಮುಗಿದ ಉತ್ತರಗಳಿಗೆ ಮಾತ್ರ, ಹಾಗಾಗಿ ಜರಡಿಯಲ್ಲಿ ಬಿದ್ದವರಿಗೆ ಕೊಡಲು ಸೈಟಿಗೆ ಬರುವ ಹಣವೇ ಇಲ್ಲ. ಸಮಾಧಾನಕ್ಕೆಂದು ಒಂದೆರಡು ಪಾಯಿಂಟ್ ಕೊಡುವ ಸೈಟುಗಳು ಅದನ್ನು ತಮ್ಮ ಪಾಲಿನಿಂದ ಕೊಡುತ್ತವೆ.

ಇದರ ಮೇಲೆ ರೂಟರ್ ಎಂಬ ಇನ್ನೊಂದು ಪದರ ಇದೆ. ಬಹಳಷ್ಟು ಸೈಟುಗಳಿಗೆ ಸ್ವಂತ ಸರ್ವೇ ಕಡಿಮೆ. ಬೇರೆ ಬೇರೆ ಮಾರುಕಟ್ಟೆ ಸಂಶೋಧನಾ ಕಂಪನಿಗಳ ಸರ್ವೇಗಳನ್ನು ಒಟ್ಟಿಗೆ ಹಂಚುವ ಮಧ್ಯವರ್ತಿ ವ್ಯವಸ್ಥೆಗಳಿವೆ, ಸೈಟು ನಿಮ್ಮನ್ನು ಅಲ್ಲಿಗೆ ದಾಟಿಸುತ್ತದೆ. ಒಂದು ಸರ್ವೇಗೆ ಹೊಂದದಿದ್ದರೆ ರೂಟರ್ ಮುಂದಿನದಕ್ಕೆ ಕಳಿಸುತ್ತದೆ, ಅಲ್ಲೂ ಇಲ್ಲವಾದರೆ ಇನ್ನೊಂದಕ್ಕೆ. ಪ್ರತಿ ನಿಲ್ದಾಣದಲ್ಲೂ ವಯಸ್ಸು, ಲಿಂಗ, ಪಿನ್‌ಕೋಡ್, ಆದಾಯ ಎಂದು ಅದೇ ಪ್ರಶ್ನೆ. ಸೈಟಿನಲ್ಲಿ ಪ್ರೊಫೈಲ್ ಪೂರ್ತಿ ತುಂಬಿದ್ದರೂ ಮತ್ತೆ ಮತ್ತೆ ಕೇಳುವುದಕ್ಕೆ ಕಾರಣ ಇದು: ಒಬ್ಬರ ಬಳಿ ಇರುವ ಉತ್ತರವನ್ನು ಇನ್ನೊಬ್ಬರು ಹಾಗೆಯೇ ನಂಬುವುದಿಲ್ಲ. ಅಡ್ರೆಸ್ ಬಾರಿನಲ್ಲಿ ಸೈಟಿನ ಹೆಸರು ಮಾಯವಾಗಿ ಬೇರೆ ಬೇರೆ ವಿಳಾಸಗಳು ಬಂದುಹೋಗುತ್ತಿದ್ದರೆ ನೀವು ರೂಟರ್ ಒಳಗೆ ಇದ್ದೀರಿ ಎಂದು ತಿಳಿಯಿರಿ.

ಈಗ ಲೆಕ್ಕ. ಯಾವ ಸೈಟನ್ನಾದರೂ ಅಳೆಯಲು ಹತ್ತು ಪ್ರಯತ್ನಗಳ ದಾಖಲೆ ಬರೆದಿಡಿ. ಕ್ಲಿಕ್ ಮಾಡಿದ ಸಮಯ, ಹೊರಬಂದ ಸಮಯ, ಸಿಕ್ಕ ಪಾಯಿಂಟ್, ಇಷ್ಟು ಸಾಕು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತರಲ್ಲಿ ಮೂರು ಮುಗಿದವು. ಪಟ್ಟಿಯಲ್ಲಿ ಅವಕ್ಕೆ ತೋರಿಸಿದ್ದು 15, 12, 18 ನಿಮಿಷ, ಅಂದರೆ ಒಟ್ಟು 45 ನಿಮಿಷಕ್ಕೆ 100, 80, 120 ಸೇರಿ 300 ಪಾಯಿಂಟ್. ನಿಜವಾಗಿ ಹಿಡಿದದ್ದು 19, 14, 23 ನಿಮಿಷ, ಒಟ್ಟು 56. ಐದು ಸರ್ವೇಗಳು ಶುರುವಿನಲ್ಲೇ, ತಲಾ ಎರಡು ನಿಮಿಷಕ್ಕೆ ಹೊರಹಾಕಿದವು: 10 ನಿಮಿಷ. ಉಳಿದ ಎರಡು ಬಹಳ ಮುಂದೆ ಹೋದ ಮೇಲೆ, ಒಂದು 9ನೇ ನಿಮಿಷಕ್ಕೆ, ಇನ್ನೊಂದು 12ನೇ ನಿಮಿಷಕ್ಕೆ ಕೈಬಿಟ್ಟವು. ಒಟ್ಟು 87 ನಿಮಿಷ. ಏಳು ಸ್ಕ್ರೀನ್‌ಔಟ್‌ಗೆ ತಲಾ 2 ರಂತೆ 14 ಪಾಯಿಂಟ್ ಸೇರಿ ಖಾತೆಯಲ್ಲಿ 314 ಕಾಣುತ್ತದೆ. ಮೂರು ವಾರ ಕಳೆದ ಮೇಲೆ 80 ಪಾಯಿಂಟಿನ ಸರ್ವೇಯನ್ನು ಗುಣಮಟ್ಟದ ಕಾರಣಕ್ಕೆ ವಾಪಸ್ ತೆಗೆದರು ಎನ್ನಿ. ಉಳಿದದ್ದು 234.

ಪಟ್ಟಿಯ ಪ್ರಕಾರ ನಿಮಿಷಕ್ಕೆ 6.7 ಪಾಯಿಂಟ್ ಸಿಗಬೇಕಿತ್ತು, ಕೈಗೆ ಬಂದದ್ದು 2.7. ಅತಿ ಚಿಕ್ಕ ವೋಚರಿಗೆ 1000 ಪಾಯಿಂಟ್ ಬೇಕೆಂದರೆ ಎರಡೂವರೆ ಗಂಟೆಯ ಕೆಲಸ ಎಂದು ಕಾಣುವುದು ನಿಜದಲ್ಲಿ ಆರು ಗಂಟೆ ದಾಟುತ್ತದೆ. ವೋಚರಿನ ಬೆಲೆಯನ್ನು ಆ ಗಂಟೆಗಳಿಂದ ಭಾಗಿಸಿ. ಆ ದರಕ್ಕೆ ನಿಮ್ಮ ಬಿಡುವು ಕೊಡಬಹುದೇ ಎಂಬುದು ಪೂರ್ತಿ ನಿಮ್ಮ ತೀರ್ಮಾನ, ಆದರೆ ಈ ಭಾಗಾಕಾರ ಮಾಡದೆ ಯಾವ ಸೈಟಿಗೂ ನಕ್ಷತ್ರ ಕೊಡಬೇಡಿ. ಪಾಯಿಂಟುಗಳನ್ನೇ ಸೈಟಿನಿಂದ ಸೈಟಿಗೆ ಹೋಲಿಸಿಯೂ ಪ್ರಯೋಜನವಿಲ್ಲ. ಒಂದರ 100 ಇನ್ನೊಂದರ 2000ಕ್ಕೆ ಸಮವಿರಬಹುದು.

ಶುರುವಿನ ಸ್ಕ್ರೀನ್‌ಔಟ್ ಸಹಜ, ಅದಕ್ಕಾಗಿ ಸೈಟನ್ನು ದೂರಬೇಕಿಲ್ಲ. ನೋಡಬೇಕಾದ್ದು ತಡವಾಗಿ ಬರುವ ಸ್ಕ್ರೀನ್‌ಔಟ್. ಪ್ರಗತಿ ಪಟ್ಟಿ ಮುಕ್ಕಾಲು ದಾಟಿದ ಮೇಲೆ "ನೀವು ಈ ಸರ್ವೇಗೆ ಅರ್ಹರಲ್ಲ" ಎಂದು ಬಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ: ನೀವು ಉತ್ತರಿಸುತ್ತಿದ್ದಾಗಲೇ ಕೋಟಾ ತುಂಬಿತು, ಸರ್ವೇ ಬರೆದವರು ಜರಡಿ ಪ್ರಶ್ನೆಯನ್ನು ಮಧ್ಯದಲ್ಲಿ ಇಟ್ಟಿದ್ದಾರೆ, ಅಥವಾ ನಿಮ್ಮ ಉತ್ತರ ಗುಣಮಟ್ಟದ ಪರೀಕ್ಷೆಯಲ್ಲಿ ಬಿತ್ತು. ಮೊದಲೆರಡರಲ್ಲಿ ತಪ್ಪು ನಿಮ್ಮದಲ್ಲ, ಒಳ್ಳೆಯ ಸೈಟು ಅದಕ್ಕೆ ಭಾಗಶಃ ಪಾಯಿಂಟನ್ನಾದರೂ ಕೊಡಬೇಕು. ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ಸಲ ಹೀಗೆ ತಡವಾಗಿ ಹೊರಹಾಕಿ, ಸೊನ್ನೆ ಕೊಡುವ ಸೈಟಿನಲ್ಲಿ ಮುಂದುವರಿಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ನಿಮ್ಮ ಸಮಯ ಮಾತ್ರ ಹೋಗಿರುತ್ತದೆ.

ಗುಣಮಟ್ಟದ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪ್ರಾಮಾಣಿಕವಾಗಿ ಉತ್ತರಿಸುವವರೂ ಇಲ್ಲಿ ಸಿಕ್ಕಿಬೀಳುತ್ತಾರೆ. "ಈ ಸಾಲಿನಲ್ಲಿ 'ಒಪ್ಪುವುದಿಲ್ಲ' ಆರಿಸಿ" ಎಂಬ ಬಲೆಯ ಪ್ರಶ್ನೆ ಉದ್ದನೆಯ ಕೋಷ್ಟಕದ ಒಳಗೆ ಅಡಗಿರುತ್ತದೆ. ಇಪ್ಪತ್ತು ಹೇಳಿಕೆಗಳಿಗೂ ಒಂದೇ ಕಾಲಂ ಒತ್ತಿದರೆ ಯೋಚಿಸದೆ ಒತ್ತಿದ್ದೀರಿ ಎಂದು ಲೆಕ್ಕ ಹಾಕುತ್ತಾರೆ, ನಿಮ್ಮ ಅಭಿಪ್ರಾಯ ನಿಜಕ್ಕೂ ಹಾಗೇ ಇದ್ದರೂ ಸರಿ. ಉಳಿದವರು ತೆಗೆದುಕೊಂಡ ಸಮಯದ ಮೂರನೇ ಒಂದು ಭಾಗದಲ್ಲಿ ನೀವು ಮುಗಿಸಿದ್ದರೆ ಅದೂ ಅನುಮಾನಕ್ಕೆ ಕಾರಣ. ಅಸ್ತಿತ್ವದಲ್ಲೇ ಇಲ್ಲದ ಬ್ರ್ಯಾಂಡಿನ ಹೆಸರನ್ನು ಪಟ್ಟಿಗೆ ಸೇರಿಸಿ "ಬಳಸಿದ್ದೀರಾ" ಎಂದು ಕೇಳುವುದೂ ಉಂಟು. ಆಯ್ಕೆಯಾಗಲೆಂದು ಎಲ್ಲಕ್ಕೂ ಹೌದು ಒತ್ತುವವರು ಸಿಗುವುದು ಅಲ್ಲಿ. ಮುಕ್ತ ಉತ್ತರದ ಜಾಗದಲ್ಲಿ "ಚೆನ್ನಾಗಿದೆ" ಎಂದಷ್ಟೇ ಬರೆದರೆ ಮುಗಿಸಿದ ಸರ್ವೇಯೂ ನಂತರ ತಿರಸ್ಕಾರವಾಗಬಹುದು. ಎರಡು ಪೂರ್ತಿ ವಾಕ್ಯ ಬರೆಯಿರಿ. ಪ್ರೊಫೈಲಿನಲ್ಲಿ ಮಕ್ಕಳಿಲ್ಲ ಎಂದು ಬರೆದು ಡೈಪರ್ ಸರ್ವೇಯಲ್ಲಿ ಇದೆ ಎಂದರೆ ಆ ವ್ಯತ್ಯಾಸ ಖಾತೆಯ ಮೇಲೆ ಉಳಿಯುತ್ತದೆ.

ಪಾಯಿಂಟ್ ವಾಪಸ್ ಹೋಗುವುದು ಹೇಗೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಸರ್ವೇ ಮಾಡಿಸಿದ ಕಂಪನಿ ಎಲ್ಲ ಉತ್ತರ ಬಂದ ಮೇಲೆ ಒಮ್ಮೆಗೇ ಪರಿಶೀಲಿಸಿ, ಬೇಡವಾದವುಗಳ ಪಟ್ಟಿಯನ್ನು ಸೈಟಿಗೆ ಕಳಿಸುತ್ತದೆ. ಹಾಗಾಗಿ ಕಡಿತ ಕೆಲವು ವಾರ ತಡವಾಗಿ ಬರುತ್ತದೆ. ಇದನ್ನು ಸೈಟು ಹೇಗೆ ನಿಭಾಯಿಸುತ್ತದೆ ಎಂಬುದರಿಂದ ಅದರ ಗುಣ ತಿಳಿಯುತ್ತದೆ. ಒಳ್ಳೆಯ ಸೈಟು ಯಾವ ದಿನದ ಯಾವ ಸರ್ವೇ ಎಂದು ಖಾತೆಯ ಇತಿಹಾಸದಲ್ಲಿ ತೋರಿಸುತ್ತದೆ, ಇಲ್ಲವೇ ಪಾಯಿಂಟನ್ನು ಪರಿಶೀಲನೆ ಮುಗಿಯುವವರೆಗೆ "ಬಾಕಿ" ಎಂದು ಮೊದಲೇ ಬೇರೆ ಇಡುತ್ತದೆ. ಕೆಟ್ಟದ್ದರಲ್ಲಿ ಒಟ್ಟು ಸಂಖ್ಯೆ ಸದ್ದಿಲ್ಲದೆ ಇಳಿದಿರುತ್ತದೆ.

ಮುಗಿಸಿದರೂ ಪಾಯಿಂಟ್ ಬರದಿರುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಕೊನೆಯ ಪ್ರಶ್ನೆಯ ನಂತರ ಬ್ರೌಸರ್ ರೂಟರ್ ಮೂಲಕ ಮತ್ತೆ ಸೈಟಿನ ಪುಟಕ್ಕೆ ಬರಬೇಕು. ಎಷ್ಟೋ ಕಡೆ ಮುಗಿಯಿತು ಎಂಬ ಸಂದೇಶ ತಲುಪುವುದು ಆ ಮರಳುವ ಹಾದಿಯಲ್ಲೇ. "ಧನ್ಯವಾದ" ಎಂದು ಕಂಡ ಕೂಡಲೇ ಟ್ಯಾಬ್ ಮುಚ್ಚಿದರೆ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಕುಕೀಗಳನ್ನು ನಿಲ್ಲಿಸಿದ್ದರೆ, ಮಧ್ಯದಲ್ಲಿ ವೈಫೈಯಿಂದ ಮೊಬೈಲ್ ಡೇಟಾಗೆ ಹಾರಿದರೆ ಆ ಕೊಂಡಿ ತಪ್ಪಬಹುದು. ಸೈಟಿನದೇ ಪುಟ ಮತ್ತೆ ಕಾಣುವವರೆಗೆ ಕಾಯಿರಿ. ಕಾಣದಿದ್ದರೆ ಅಡ್ರೆಸ್ ಬಾರ್ ಸಮೇತ ಸ್ಕ್ರೀನ್‌ಶಾಟ್ ತೆಗೆದು, ಸರ್ವೇ ಸಂಖ್ಯೆ ಮತ್ತು ಸಮಯದ ಜೊತೆ ಸಹಾಯ ವಿಭಾಗಕ್ಕೆ ಕಳಿಸಿ. ವಿಳಾಸದಲ್ಲಿರುವ ಉದ್ದನೆಯ ಗುರುತಿನ ಸಂಖ್ಯೆಯಿಂದ ಅವರು ಹುಡುಕಬಲ್ಲರು. ಅದಿಲ್ಲದ ದೂರಿಗೆ ಸಿದ್ಧ ಉತ್ತರವೇ ಗತಿ.

ಕೊನೆಯ ಪರೀಕ್ಷೆ ವೋಚರ್ ತೆಗೆಯುವುದು. ಕನಿಷ್ಠ ಮಿತಿ ಮುಟ್ಟಿದ ದಿನವೇ ತೆಗೆಯಿರಿ, ದೊಡ್ಡ ವೋಚರಿಗೆಂದು ಕೂಡಿಡಬೇಡಿ. ಸೈಟುಗಳು ಖಾತೆಯನ್ನು ಗಂಭೀರವಾಗಿ ಪರಿಶೀಲಿಸುವುದು ಹೆಚ್ಚಾಗಿ ಹಣ ಹೊರಗೆ ಹೋಗುವ ಈ ಹಂತದಲ್ಲಿ. ಒಂದೇ ಮನೆಯ ಇಂಟರ್ನೆಟ್ಟಿನಿಂದ ಎರಡು ಖಾತೆ, ವಿಪಿಎನ್, ಗುರುತಿನ ಚೀಟಿಯ ಹೆಸರಿಗೆ ಹೊಂದದ ಖಾತೆಯ ಹೆಸರು ಇವುಗಳಿಂದ ಖಾತೆ ಇಲ್ಲೇ ನಿಲ್ಲುತ್ತದೆ. ಆರು ಗಂಟೆಯ ದುಡಿಮೆ ನಿಲ್ಲುವುದಕ್ಕೂ ಅರವತ್ತು ಗಂಟೆಯದ್ದು ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಬಳಸದೆ ಬಿಟ್ಟ ಪಾಯಿಂಟುಗಳಿಗೆ ಅವಧಿ ಇಟ್ಟಿರುವ ಸೈಟುಗಳೂ ಅನೇಕ. ಗಿಫ್ಟ್ ಕಾರ್ಡುಗಳಲ್ಲಿ ಹಲವು ಯಾವ ದೇಶದಲ್ಲಿ ಕೊಟ್ಟರೋ ಅಲ್ಲಿನ ಅಂಗಡಿ ಖಾತೆಗೆ ಮಾತ್ರ ಸೇರುತ್ತವೆ, ಆದ್ದರಿಂದ ಪಾಯಿಂಟ್ ಗಳಿಸುವ ಮೊದಲೇ ಬಹುಮಾನ ಪಟ್ಟಿಯಲ್ಲಿ ನಿಮಗೆ ಉಪಯೋಗವಾಗುವ ಅಂಗಡಿ ಇದೆಯೇ ನೋಡಿ.

ಬಗೆಬಗೆಯ ಸೈಟುಗಳಲ್ಲಿ ಮೊದಲ ಸ್ಥಾನ ಸ್ವಂತ ಸಮೀಕ್ಷೆ ನಡೆಸುವ ಪ್ಯಾನೆಲ್‌ಗಳಿಗೆ. ಸರ್ವೇ ವಿರಳ, ಮಿತಿ ತಲುಪಲು ತಿಂಗಳುಗಳೇ ಬೇಕು, ಆದರೆ ಸ್ಕ್ರೀನ್‌ಔಟ್ ಕಡಿಮೆ. ಗೂಗಲ್ ಒಪೀನಿಯನ್ ರಿವಾರ್ಡ್ಸ್ ಇನ್ನೊಂದು ಬಗೆ: ಬೆರಳೆಣಿಕೆಯ ಪ್ರಶ್ನೆ, ಅರೆ ನಿಮಿಷದ ಕೆಲಸ. ಆಂಡ್ರಾಯ್ಡ್‌ನಲ್ಲಿ ಪ್ರತಿಫಲ ಪ್ಲೇ ಸ್ಟೋರಿನಲ್ಲಿ ಮಾತ್ರ ಖರ್ಚಾಗುತ್ತದೆ, ಒಂದು ವರ್ಷದಲ್ಲಿ ಅವಧಿ ಮುಗಿಯುತ್ತದೆ. ರೂಟರ್ ನಂಬಿದ ಸೈಟುಗಳು ಮೂರನೆಯವು. ಸರ್ವೇ ದಿನವೂ ಸಿಗುತ್ತದೆ, ಮೇಲಿನ ಲೆಕ್ಕವೆಲ್ಲ ಮುಖ್ಯವಾಗಿ ಇವುಗಳದ್ದು. ಆ್ಯಪ್ ಹಾಕಿಕೊಳ್ಳಿ, ಉಚಿತ ಟ್ರಯಲ್ ಶುರುಮಾಡಿ ಎಂದು ದೊಡ್ಡ ಪಾಯಿಂಟ್ ತೋರಿಸುವ ಆಫರ್ ಪುಟಗಳನ್ನು ಸರ್ವೇ ಎಂದು ಎಣಿಸಲೇಬಾರದು. ಟ್ರಯಲ್ ರದ್ದು ಮಾಡಲು ಮರೆತ ಒಂದು ತಿಂಗಳ ಶುಲ್ಕ ಹಲವು ವೋಚರುಗಳನ್ನು ನುಂಗುತ್ತದೆ.

ನಾಲ್ಕೇ ಪ್ರಶ್ನೆಗೆ ಭಾರಿ ವೋಚರ್ ಎಂದು ಲಿಂಕಿನಲ್ಲಿ ಹರಿದುಬರುವ ಪುಟಗಳು ಈ ಯಾವ ಗುಂಪಿಗೂ ಸೇರಿದವಲ್ಲ. ಮುಗಿದ ಒಂದು ಉತ್ತರಕ್ಕೆ ಸಂಶೋಧನಾ ಕಂಪನಿ ಕೊಡುವ ಹಣ ಅಲ್ಪ, ನಾಲ್ಕು ಕ್ಲಿಕ್ಕಿಗೆ ಅಷ್ಟು ಕೊಡುವ ಗ್ರಾಹಕ ಇರಲು ಸಾಧ್ಯವಿಲ್ಲ. ಓಡುವ ಗಡಿಯಾರ, ಕೆಳಗೆ ಗೆದ್ದವರ ಕಮೆಂಟ್, ಕೊನೆಗೆ "ಕಳಿಸುವ ಖರ್ಚಿಗೆ" ಕಾರ್ಡ್ ವಿವರ ಕೇಳುವ ಫಾರ್ಮ್. ನಿಜವಾದ ಸರ್ವೇ ಆದಾಯ ಯಾವ ಶ್ರೇಣಿಯಲ್ಲಿದೆ ಎಂದು ಕೇಳುತ್ತದೆ. ಕಾರ್ಡ್ ಸಂಖ್ಯೆ, ಪಾಸ್‌ವರ್ಡ್, ಒಟಿಪಿ ಕೇಳುವುದಿಲ್ಲ, ಸೇರಲು ಶುಲ್ಕವನ್ನೂ ಕೇಳುವುದಿಲ್ಲ. ಕೇಳಿದ ಪುಟವನ್ನು ಅಲ್ಲೇ ಮುಚ್ಚಿ. ಕಾರ್ಡ್ ವಿವರ ಈಗಾಗಲೇ ಕೊಟ್ಟಿದ್ದರೆ ಪುಟದವರ ಉತ್ತರಕ್ಕೆ ಕಾಯದೆ ಬ್ಯಾಂಕಿಗೆ ಹೇಳಿ ಆ ಕಾರ್ಡನ್ನೇ ಬದಲಿಸಿಕೊಳ್ಳಿ. ತಿಂಗಳು ತಿಂಗಳು ಕಡಿತವಾಗುವ ಒಪ್ಪಿಗೆಯನ್ನು ಆ ಫಾರ್ಮಿನ ಸಣ್ಣ ಅಕ್ಷರಗಳಲ್ಲಿ ಬರೆಸಿಕೊಂಡಿರುವ ಸಾಧ್ಯತೆ ಹೆಚ್ಚು.