ಐದು ವರ್ಷ ಬಳಸಿದ 1.5 ಟನ್ ಸ್ಪ್ಲಿಟ್ ಎಸಿ: ತೊಂದರೆ ಕೊಟ್ಟದ್ದು ಚಿಕ್ಕ ಸೆನ್ಸರ್

ರಾಯಚೂರಿನ ನಮ್ಮ ಮನೆಗೆ 2019ರಲ್ಲಿ ಈ ಎಸಿ ತಂದೆವು. ಇನ್ವರ್ಟರ್ ಅಲ್ಲ, ಮಾಮೂಲಿ 3 ಸ್ಟಾರ್. ನಾಲ್ಕು ಬೇಸಿಗೆ ಯಾವ ತಕರಾರೂ ಇರಲಿಲ್ಲ.

2023ರ ಮಾರ್ಚ್‌ನಲ್ಲಿ ಸರ್ವಿಸ್ ಮಾಡಿಸಿದ ಮೇಲೆ ಶುರುವಾಯಿತು. 24ಕ್ಕೆ ಸೆಟ್ ಮಾಡಿದರೆ ಆರೇ ನಿಮಿಷಕ್ಕೆ ಔಟ್‌ಡೋರ್ ನಿಲ್ಲುತ್ತಿತ್ತು. ಗೋಡೆಯ ಥರ್ಮಾಮೀಟರ್‌ನಲ್ಲಿ ಇನ್ನೂ 29. ಬಂದ ಮೆಕ್ಯಾನಿಕ್ ಗ್ಯಾಸ್ ಕಮ್ಮಿ ಅಂದರು, 2,500 ರೂಪಾಯಿ ಕೊಟ್ಟು ತುಂಬಿಸಿದೆ. ಏನೂ ಬದಲಾಗಲಿಲ್ಲ. ಗ್ಯಾಸ್ ಕಮ್ಮಿಯಾದರೆ ಸಾಮಾನ್ಯವಾಗಿ ರೂಮು ತಣ್ಣಗಾಗದೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಬೇಗ ನಿಲ್ಲುವುದಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು.

ಎರಡನೆಯವರು ಮುಂದಿನ ಮುಚ್ಚಳ ತೆಗೆದು ತೋರಿಸಿದರು. ಕೂಲಿಂಗ್ ಕಾಯಿಲ್ ಮುಂದೆ ಪ್ಲಾಸ್ಟಿಕ್ ಕ್ಲಿಪ್‌ನಲ್ಲಿ ಕೂರಬೇಕಾದ ರೂಮ್ ಸೆನ್ಸರ್, ಹೆಸರುಕಾಳಿನಷ್ಟು ತಲೆ ಇರುವ ವೈರು, ಕ್ಲಿಪ್ ಬಿಟ್ಟು ಜಾರಿ ಕಾಯಿಲ್‌ಗೆ ತಾಗಿಕೊಂಡಿತ್ತು. ಅದು ಅಳೆಯುತ್ತಿದ್ದದ್ದು ರೂಮಿನ ಗಾಳಿಯನ್ನಲ್ಲ, ಕಾಯಿಲ್‌ನ ಥಂಡಿಯನ್ನು. ವಾಪಸ್ ಕ್ಲಿಪ್‌ಗೆ ಸಿಕ್ಕಿಸಿದ್ದೇ ಸರಿಹೋಯಿತು.

ಮರುವರ್ಷ ಉಲ್ಟಾ ಆಯಿತು. 26ಕ್ಕೆ ಇಟ್ಟಿದ್ದೆ. ರಾತ್ರಿ ಮೂರಕ್ಕೆ ಅಮ್ಮ ಎಬ್ಬಿಸಿ, "ಭಾಳ ಥಂಡಿ ಆಗಾಕತ್ತದ, ಬಂದ್ ಮಾಡಪ್ಪ" ಅಂದರು. ನೋಡಿದರೆ ರೂಮು 21, ಕಂಪ್ರೆಸರ್ ಇನ್ನೂ ಓಡುತ್ತಿದೆ. ಈ ಸಲ ಸೆನ್ಸರ್ ತನ್ನ ಜಾಗದಲ್ಲೇ ಇತ್ತು. ಅದೇ ಮೆಕ್ಯಾನಿಕ್ ಬಂದು, ಎಂಸಿಬಿ ಆಫ್ ಮಾಡಿ, ಬೋರ್ಡಿನಿಂದ ಅದನ್ನು ಬಿಚ್ಚಿದರು. ಹಳೆಯದರ ತಲೆ, ಹೊಸದರ ತಲೆ ಎರಡನ್ನೂ 25 ಡಿಗ್ರಿಯ ಒಂದೇ ಲೋಟ ನೀರಿನಲ್ಲಿ ಇಳಿಬಿಟ್ಟು ಮಲ್ಟಿಮೀಟರ್ ಹಿಡಿದರು. ಹೊಸದು 9.9 ಕಿಲೋಓಮ್, ಹಳೆಯದು 7.6.

ಬಿಸಿ ಏರಿದಂತೆ ಈ ಸೆನ್ಸರಿನ ರೆಸಿಸ್ಟೆನ್ಸ್ ಇಳಿಯುತ್ತದೆ. 7.6 ಅಂದರೆ ಬೋರ್ಡಿಗೆ ಸುಮಾರು 31 ಡಿಗ್ರಿ ಇದ್ದ ಹಾಗೆ. ಇರುವುದಕ್ಕಿಂತ ಆರು ಡಿಗ್ರಿ ಜಾಸ್ತಿ. ಹಾಗಾಗಿ ರೂಮು 20ರ ಹತ್ತಿರ ಬರುವವರೆಗೂ ಅದಕ್ಕೆ 26 ಆದಂತೆ ಅನ್ನಿಸುವುದಿಲ್ಲ. ವೈರು ಪೂರ್ತಿ ಕಟ್ಟಾದರೆ ಅಥವಾ ಶಾರ್ಟ್ ಆದರೆ ಎರರ್ ಕೋಡ್ ಬರುತ್ತದೆ. ಹೀಗೆ ಅಳತೆ ಮಾತ್ರ ತಪ್ಪಿದರೆ ಏನೂ ಬರುವುದಿಲ್ಲ, ಅದೇ ಕಷ್ಟ.

ಹೊಸ ಸೆನ್ಸರ್‌ಗೆ 250, ಕೂಲಿ 400. ನಮ್ಮದು 25 ಡಿಗ್ರಿಗೆ 10 ಕಿಲೋಓಮ್ ಇರುವಂಥದ್ದು. ಬೇರೆ ಮಾಡೆಲ್‌ಗಳಿಗೆ 5 ಅಥವಾ 15 ಇರಬಹುದು. ಅಳತೆ ಬೇರೆಯಾದರೆ ಹೊಸದೂ ತಪ್ಪೇ ಹೇಳುತ್ತದೆ, ಕೇಳಿ ತನ್ನಿ. ಸೆನ್ಸರ್ ಇರುವುದು ಮೇಲೆ, ನಾವು ಮಲಗುವುದು ಕೆಳಗೆ, ಅಲ್ವಾ? ಒಂದೆರಡು ಡಿಗ್ರಿ ವ್ಯತ್ಯಾಸಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಕೂಲಿಂಗ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಸರ್ವಿಸ್‌ಗೆ ಎರಡು. ಈಗ ಪ್ರತಿ ಸರ್ವಿಸ್ ಮುಗಿದ ಮೇಲೆ ಅವರ ಎದುರಿಗೇ ಟಾರ್ಚ್ ಬಿಟ್ಟು ಕ್ಲಿಪ್ ನೋಡುತ್ತೇನೆ.