ಏಳುವ ಮುನ್ನವೋ, ಏಳುವಾಗಲೋ, ಎದ್ದ ಮೇಲೋ: ಒಂದೇ ಕಟ್‌ನ ಹಲವು ಬಗೆಗಳು

ಚಲನೆಯ ನಡುವೆ ಶಾಟ್ ಬದಲಿಸುವುದೇ ‘ಕಟ್ ಆನ್ ಆ್ಯಕ್ಷನ್’ ಎಂದು ಚಲನಚಿತ್ರ ಸಂಕಲನದ ಮೊದಲ ಪಾಠಗಳಲ್ಲಿಯೇ ಹೇಳಿಕೊಡುತ್ತಾರೆ. ಆದರೆ ಚಲನೆಯ ಯಾವ ಹಂತದಲ್ಲಿ ಎಂಬುದು ಹೋಲಿಸಿ ನೋಡಿದಾಗ ಮಾತ್ರ ತಿಳಿಯುತ್ತದೆ. ನಾನು ಹೋಲಿಕೆಗೆ ಆರಿಸಿಕೊಂಡ ದೃಶ್ಯ ಸರಳವಾದದ್ದು. ಮೇಜಿನ ಮುಂದೆ ಕುಳಿತ ಹೆಂಗಸು ಪತ್ರ ಓದಿ ಮುಗಿಸಿ, ಕುರ್ಚಿಯಿಂದ ಎದ್ದು, ಬಾಗಿಲು ತೆರೆದು ಹೊರಡುತ್ತಾಳೆ; ಮುಂದಿನ ದೃಶ್ಯ ಬಸ್ ನಿಲ್ದಾಣದ್ದು. ಏಳುವ ಕ್ರಿಯೆಯನ್ನು ವೈಡ್ ಶಾಟ್‌ನಲ್ಲಿ ಒಮ್ಮೆ, ಕ್ಲೋಸ್ ಶಾಟ್‌ನಲ್ಲಿ ಇನ್ನೊಮ್ಮೆ, ಎರಡು ಸಲವೂ ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಲಾಗಿತ್ತು. ಸೆಕೆಂಡಿಗೆ 25 ಫ್ರೇಮ್‌ಗಳಂತೆ ಆ ಕ್ರಿಯೆಗೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತಿತ್ತು.

ಹೋಲಿಸುವ ಮೊದಲು ಎರಡೂ ಶಾಟ್‌ಗಳಲ್ಲಿ ಸ್ಪಷ್ಟವಾಗಿ ಕಾಣುವ ಒಂದು ಕ್ಷಣವನ್ನು, ಇಲ್ಲಿ ಅವಳ ಬೆನ್ನು ಕುರ್ಚಿಯನ್ನು ಬಿಡುವ ಫ್ರೇಮನ್ನು, ಗುರುತಿಸಿ ಅಲ್ಲಿ ಜೋಡಿಸಿದೆ. ಆಮೇಲೆ ಮೊದಲ ಶಾಟ್‌ನ ಕೊನೆಯನ್ನೂ ಮುಂದಿನ ಶಾಟ್‌ನ ಆರಂಭವನ್ನೂ ಒಟ್ಟಿಗೆ ಸರಿಸುವ ರೋಲಿಂಗ್ ಎಡಿಟ್ ಬಳಸಿದರೆ ದೃಶ್ಯದ ಒಟ್ಟು ಉದ್ದವೂ ಚಲನೆಯ ಹೊಂದಾಣಿಕೆಯೂ ಕೆಡದೆ, ಕಟ್ ಮಾತ್ರ ಹಿಂದೆ ಮುಂದೆ ಸರಿಯುತ್ತದೆ.

ಅವಳು ಅಲುಗಾಡುವ ಮುನ್ನವೇ ಕತ್ತರಿಸಿದಾಗ ಕಟ್ ಎದ್ದು ಕಾಣಿಸಿತು. ಸ್ತಬ್ಧವಾದ ಒಂದು ಚಿತ್ರದಿಂದ ಇನ್ನೊಂದು ಸ್ತಬ್ಧ ಚಿತ್ರಕ್ಕೆ ಹೋಗುವುದರಿಂದ, ಏಕೆ ಹತ್ತಿರ ಬಂದೆವು ಎಂಬುದಕ್ಕೆ ಪ್ರೇಕ್ಷಕನಿಗೆ ಕಾರಣ ಸಿಗುವುದಿಲ್ಲ. ಪೂರ್ತಿ ಎದ್ದು ನಿಂತ ಮೇಲೆ ಕತ್ತರಿಸಿದಾಗ ಬೇರೊಂದು ಪರಿಣಾಮ ಉಂಟಾಯಿತು: ಕ್ರಿಯೆ ಮುಗಿದು, ಒಂದು ಕ್ಷಣ ತಡೆದು, ಮುಖ ಕಂಡಿತು. ಇದನ್ನು ತಪ್ಪೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಅವಳು ಹೋಗಲೋ ಬೇಡವೋ ಎಂದು ಯೋಚಿಸುತ್ತಾಳೆಂದು ತೋರಿಸಬೇಕಾದರೆ ಇದೇ ಸರಿ. ಆದರೆ ನಮ್ಮ ಕಥೆಯಲ್ಲಿ ಅವಳು ಆಗಲೇ ನಿರ್ಧರಿಸಿದ್ದಳು.

ಏಳುವ ಕ್ರಿಯೆಯ ಮೂರನೆಯ ಒಂದು ಭಾಗ ಕಳೆದಾಗ, ಅಂದರೆ ಆರಂಭವಾಗಿ ಹನ್ನೆರಡು ಫ್ರೇಮ್‌ಗಳ ಆಸುಪಾಸಿನಲ್ಲಿ, ಕತ್ತರಿಸಿದ್ದು ಉಳಿದೆರಡಕ್ಕಿಂತ ಮೇಲಾಯಿತು. ಅಷ್ಟು ಹೊತ್ತಿಗೆ ಕಣ್ಣು ಚಲನೆಯ ಬೆನ್ನು ಹತ್ತಿರುತ್ತದೆ. ಅದು ಎಲ್ಲಿ ಮುಗಿಯುತ್ತದೆ ಎಂದು ನೋಡುವ ಭರದಲ್ಲಿ ಶಾಟ್ ಬದಲಾದುದು ಗಮನಕ್ಕೆ ಬರುವುದಿಲ್ಲ. ಮಧ್ಯ ದಾಟಿದ ಮೇಲೆ ಕತ್ತರಿಸಿದರೆ ಕ್ಲೋಸ್ ಶಾಟ್‌ಗೆ ಚಲನೆಯ ಬಾಲ ಮಾತ್ರ ಉಳಿದು, ಜರ್ಕ್ ಹೊಡೆದಂತೆ ತೋರುತ್ತದೆ.

ಇದರೊಳಗೇ ಇನ್ನೊಂದು ಸೂಕ್ಷ್ಮವಿದೆ. ಫ್ರೇಮಿಗೆ ಫ್ರೇಮ್ ಕರಾರುವಾಕ್ಕಾಗಿ ಹೊಂದಿಸಿದಾಗ, ವಿಚಿತ್ರವೆಂಬಂತೆ, ಚಲನೆ ಸ್ವಲ್ಪ ಹಾರಿದ ಹಾಗೆ ಕಂಡಿತು. ವೈಡ್ ಶಾಟ್‌ನಲ್ಲಿ ಆಗಲೇ ಕಂಡ ಎರಡು ಫ್ರೇಮ್‌ಗಳಷ್ಟು ಚಲನೆಯನ್ನು ಕ್ಲೋಸ್ ಶಾಟ್‌ನಲ್ಲಿ ಮರಳಿ ಕಾಣಿಸಿದಾಗ ನಯವಾಯಿತು. ಹೊಸ ಚಿತ್ರವನ್ನು ಗ್ರಹಿಸಲು ಕಣ್ಣಿಗೆ ತುಸು ಕಾಲ ಬೇಕಾಗುವುದೇ ಇದಕ್ಕೆ ಕಾರಣವೆಂದು ಸಂಕಲನಕಾರರು ಹೇಳುತ್ತಾರೆ. ಆದರೆ ಐದಾರು ಫ್ರೇಮ್‌ಗಳಿಗೆ ಏರಿಸಿದೊಡನೆ ಅವಳು ಎರಡು ಬಾರಿ ಎದ್ದಂತೆ ತಡವರಿಸಿತು. ಇದನ್ನು ಪರೀಕ್ಷಿಸಲು ಕಟ್‌ಗಿಂತ ಐದು ಸೆಕೆಂಡು ಹಿಂದಿನಿಂದ, ಧ್ವನಿ ನಿಲ್ಲಿಸಿ, ತಡೆಯದೆ ನೋಡಬೇಕು. ಕಟ್‌ನ ಮೇಲೆಯೇ ನಿಂತು ನೋಡಿದರೆ ಎಲ್ಲವೂ ದೋಷವಾಗಿಯೇ ಕಾಣುತ್ತದೆ. ಪತ್ರ ಒಂದು ಶಾಟ್‌ನಲ್ಲಿ ಬಲಗೈಯಲ್ಲೂ ಇನ್ನೊಂದರಲ್ಲಿ ಎಡಗೈಯಲ್ಲೂ ಇದ್ದರೆ ಮಾತ್ರ ಈ ಯಾವ ಉಪಾಯವೂ ಫಲಿಸದು.

ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ಹೋಗಲು ಮೊದಲು ಒಂದು ಸೆಕೆಂಡಿನ ಡಿಸಾಲ್ವ್, ಅಂದರೆ ಒಂದು ಚಿತ್ರ ಮಸುಕಾಗುತ್ತಿದ್ದಂತೆ ಇನ್ನೊಂದು ಮೂಡಿಬರುವ ಬದಲಾವಣೆ, ಹಾಕಿ ನೋಡಿದೆ. ಕಾಲ ಕಳೆಯಿತೆಂದು ಅದು ಹೇಳುತ್ತದೆ, ಸರಿ. ಆದರೆ ಅವಳ ಅವಸರವೆಲ್ಲ ಅದರಲ್ಲಿ ಕರಗಿಹೋಯಿತು. ಸಾಫ್ಟ್‌ವೇರ್‌ನ ಸಿದ್ಧ ಸ್ಲೈಡ್ ಎಫೆಕ್ಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ದೃಶ್ಯದೊಳಗೆ ಏನೂ ಜಾರದಿರುವಾಗ ಪರದೆ ಮಾತ್ರ ಏಕೆ ಜಾರಬೇಕು? ಬಾಗಿಲು ಮುಚ್ಚುತ್ತ ಫ್ರೇಮನ್ನು ಪೂರ್ತಿ ತುಂಬಿ, ಅಲ್ಲಿಂದ ಕ್ಯಾಮೆರಾದ ಮುಂದೆ ಹಾದುಹೋಗುವ ಬಸ್ಸಿನ ಮೈಗೆ ಕತ್ತರಿಸುವುದು ಬಹಳ ಸೊಗಸು, ಏಕೆಂದರೆ ಬದಲಾವಣೆಯ ಕಾರಣ ಚಿತ್ರದೊಳಗೇ ಇದೆ. ಆದರೆ ಅದನ್ನು ಚಿತ್ರೀಕರಣದಲ್ಲಿಯೇ ಯೋಜಿಸಿರಬೇಕು. ನಮ್ಮ ಬಾಗಿಲು ಫ್ರೇಮಿನ ಅರ್ಧದಷ್ಟನ್ನೂ ಮುಚ್ಚಿರಲಿಲ್ಲ.

ಹಾಗಾಗಿ ಸಂಕಲನದ ಹಂತದಲ್ಲಿ ಕೈಗೆಟುಕಿದ್ದು ‘ಜೆ ಕಟ್’, ಅಂದರೆ ಮುಂದಿನ ದೃಶ್ಯದ ಧ್ವನಿಯನ್ನು ಚಿತ್ರಕ್ಕಿಂತ ಮೊದಲೇ ಕೇಳಿಸುವುದು. ಬಸ್ಸಿನ ಹಾರನ್ ಬಳಸಿದಾಗ ಅದು ಮನೆಯ ಹೊರಗಿನ ರಸ್ತೆಯಿಂದಲೇ ಬಂದಂತೆ ಕೇಳಿ ಗೊಂದಲವಾಯಿತು. ಕಂಡಕ್ಟರ್ ಊದುವ ಸೀಟಿಗೆ ಆ ತೊಂದರೆ ಇರಲಿಲ್ಲ, ಅದು ಮನೆಯ ಸದ್ದಾಗಲು ಸಾಧ್ಯವಿಲ್ಲ. ಅವಳ ಕೈ ಚಿಲಕ ಮುಟ್ಟಿದೊಡನೆ ಸೀಟಿ ಆರಂಭಿಸಿ, ಹದಿನೈದು ಫ್ರೇಮ್‌ಗಳ ಬಳಿಕ ಬಾಗಿಲು ಇನ್ನೂ ತೆರೆಯುತ್ತಿರುವಾಗಲೇ ನಿಲ್ದಾಣಕ್ಕೆ ಕತ್ತರಿಸಿದೆ. ಅವಳು ಹೊಸ್ತಿಲು ದಾಟುವ ಶಾಟ್ ಅನಗತ್ಯವಾಯಿತು, ಅದನ್ನು ತೆಗೆದುಹಾಕಿದೆ.